ಮಗ ನೊಣ ಸಾಕುತ್ತೇನೆ ಎಂದಾಗ: ಮನೆಯ ಹಣ ಕೊಡುವ ಮುನ್ನ ಹೆತ್ತವರ ಪ್ರಶ್ನೆಗಳು, ಅವಕ್ಕೆ ಉತ್ತರಗಳು

ಬೇಕರಿ, ಬಟ್ಟೆ ಅಂಗಡಿ ಅಥವಾ ಔಷಧಿ ಅಂಗಡಿ ಇಡುತ್ತೇನೆ ಎಂದು ಮಗ ಬಂದರೆ ತಂದೆ ತಾಯಿ ಬೀದಿಯ ನಾಲ್ಕು ಅಂಗಡಿಗಳನ್ನು ನೋಡಿ ಒಂದು ಅಂದಾಜಿಗೆ ಬರಬಲ್ಲರು. ಊರಿನಲ್ಲಿ ಯಾರೂ ಮಾಡದ ಕೆಲಸಕ್ಕೆ ಅವನು ಹಣ ಕೇಳಿದಾಗ ಹೋಲಿಸಿ ನೋಡಲು ಏನೂ ಸಿಗುವುದಿಲ್ಲ. ಆಗ ಲೆಕ್ಕದ ಜಾಗದಲ್ಲಿ ಮಮತೆಯೋ ಸಿಟ್ಟೋ ಬಂದು ಕೂರುತ್ತದೆ. ಈ ಬರಹದಲ್ಲಿ ಒಂದು ಕಲ್ಪಿತ ಕುಟುಂಬವನ್ನು ಮೊದಲಿನಿಂದ ಕೊನೆಯವರೆಗೆ ಹಿಡಿದುಕೊಂಡು ಹೋಗೋಣ.

ತುಮಕೂರಿನ ಒಬ್ಬ ಮೇಷ್ಟ್ರು ಪ್ರೌಢಶಾಲೆಯಿಂದ ನಿವೃತ್ತರಾಗಿದ್ದಾರೆ. ಅವರಿಗೆ 61 ವರ್ಷ, ಹೆಂಡತಿಗೆ 56. ಇಪ್ಪತ್ತೇಳರ ಮಗ ಎಂಜಿನಿಯರಿಂಗ್ ಓದಿ ಮೂರು ವರ್ಷ ಕೆಲಸ ಮಾಡಿದವನು, ಮಗಳು ಇನ್ನೂ ಓದುತ್ತಿದ್ದಾಳೆ. ಮಗ ಕೆಲಸ ಬಿಟ್ಟು ಬ್ಲ್ಯಾಕ್ ಸೋಲ್ಜರ್ ಎಂಬ ಜಾತಿಯ ನೊಣವನ್ನು ಸಾಕಬೇಕೆಂದಿದ್ದಾನೆ. ಈ ನೊಣದ ಹುಳುಗಳು ಹೋಟೆಲು ಮತ್ತು ಮೆಸ್ಸುಗಳ ಹಸಿ ಕಸವನ್ನು ತಿಂದು ಎರಡು ವಾರದಲ್ಲಿ ಕೊಬ್ಬುತ್ತವೆ, ಪ್ರೋಟೀನು ಹೆಚ್ಚಿರುವುದರಿಂದ ಕೋಳಿಗೂ ಮೀನಿಗೂ ಆಹಾರವಾಗುತ್ತವೆ, ತಿಂದು ಉಳಿದದ್ದು ಗೊಬ್ಬರವಾಗುತ್ತದೆ. ಅವನು ಕೇಳುತ್ತಿರುವುದು 14 ಲಕ್ಷ ರೂಪಾಯಿ.

ಇದು ನಿಜವಾದ ವ್ಯವಹಾರವೇ, ಹುಚ್ಚಾಟವೇ ಎಂದು ಮೊದಲು ತಿಳಿಯಬೇಡವೇ?

ಬೇಡ, ಅದು ಎರಡನೆಯ ಪ್ರಶ್ನೆ. ಮೊದಲು ತಿಳಿಯಬೇಕಾದದ್ದು, ಪೂರ್ತಿ ಮುಳುಗಿಹೋದರೂ ನಿಮ್ಮ ಬದುಕು ಏರುಪೇರಾಗದಂತೆ ಎಷ್ಟು ಹಣ ಕೊಡಬಲ್ಲಿರಿ ಎಂಬುದು. ಈ ಮೊತ್ತ ಮಗನ ಯೋಜನೆಯಿಂದ ಹುಟ್ಟುವುದಿಲ್ಲ, ನಿಮ್ಮ ಪಾಸ್‌ಬುಕ್ಕಿನಿಂದ ಹುಟ್ಟುತ್ತದೆ. ಆದ್ದರಿಂದ ಮಗನ ಕಾಗದವನ್ನು ಬಿಡಿಸಿ ನೋಡುವ ಮೊದಲೇ, ಅವನನ್ನು ಕೂರಿಸಿಕೊಳ್ಳದೆ, ಗಂಡ ಹೆಂಡತಿ ಇಬ್ಬರೇ ಇದನ್ನು ಬರೆದಿಟ್ಟುಕೊಳ್ಳಬೇಕು. ಮಗನ ಉತ್ಸಾಹವನ್ನು ಕೇಳಿದ ಮೇಲೆ ಮಾಡಿದ ಲೆಕ್ಕದಲ್ಲಿ ಆಸ್ಪತ್ರೆಯ ಖರ್ಚು ಸದಾ ಕಡಿಮೆ ಕಾಣುತ್ತದೆ.

ಮೇಷ್ಟ್ರ ಲೆಕ್ಕ ಹೀಗಿದೆ ಎಂದುಕೊಳ್ಳೋಣ. ತಿಂಗಳಿಗೆ 32,000 ರೂಪಾಯಿ ಪಿಂಚಣಿ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ತಲಾ 15 ಲಕ್ಷದ ಎರಡು ಖಾತೆಗಳು, ಎರಡನ್ನೂ ಶೇ. 8.2ರ ಬಡ್ಡಿ ದರವಿದ್ದಾಗ ತೆರೆದದ್ದು. ಮೂರು ತಿಂಗಳಿಗೊಮ್ಮೆ ಬರುವ 61,500 ರೂಪಾಯಿ ಬಡ್ಡಿಯನ್ನು ತಿಂಗಳಿಗೆ ಹಂಚಿದರೆ 20,500 ಆಗುತ್ತದೆ. ಒಟ್ಟು ಆದಾಯ 52,500, ಮನೆಯ ಖರ್ಚು 45,000. ಇದರ ಹೊರಗೆ ಬ್ಯಾಂಕಿನಲ್ಲಿ 12 ಲಕ್ಷದ ನಿಶ್ಚಿತ ಠೇವಣಿ ಇದೆ.

ಮಗ ಕೇಳಿದ 14 ಲಕ್ಷವನ್ನು ಹೊಂದಿಸಲು ಉಳಿತಾಯ ಯೋಜನೆಯ ಒಂದು ಖಾತೆಯನ್ನು ಮುಚ್ಚಿದರೆ ಏನಾಗುತ್ತದೆ ನೋಡಿ. ಖಾತೆ ತೆರೆದು ಒಂದು ವರ್ಷ ದಾಟಿ ಎರಡು ವರ್ಷ ಆಗಿರದಿದ್ದರೆ ಅಸಲಿನ ಶೇ. 1.5, ಎರಡು ವರ್ಷ ದಾಟಿದ್ದರೆ ಶೇ. 1 ಕಡಿತವಾಗುತ್ತದೆ, ಅಂದರೆ 22,500 ಅಥವಾ 15,000 ರೂಪಾಯಿ. ಅದು ಒಮ್ಮೆ ಹೋಗಿ ಮುಗಿಯುವ ನಷ್ಟ. ಆದರೆ ಬಡ್ಡಿಯಲ್ಲಿ ತಿಂಗಳಿಗೆ 10,250 ರೂಪಾಯಿ ನಿಂತು ಆದಾಯ 42,250ಕ್ಕೆ ಇಳಿಯುತ್ತದೆ, ಖರ್ಚು 45,000ದಲ್ಲೇ ಉಳಿಯುತ್ತದೆ. ಅಲ್ಲಿಯವರೆಗೆ ತಿಂಗಳಿಗೆ ಏಳೂವರೆ ಸಾವಿರ ಉಳಿಸುತ್ತಿದ್ದ ಮನೆ, ನೊಣದ ಶೆಡ್ಡಿಗೆ ತಗಡು ಹಾಕುವ ಮೊದಲೇ ಕೊರತೆಗೆ ಬೀಳುತ್ತದೆ. ಹಾಗಾಗಿ ಆ ಎರಡು ಖಾತೆಗಳನ್ನು ಮುಟ್ಟುವಂತಿಲ್ಲ. ಈ ಮಾತಿಗೂ ಮಗನ ಯೋಜನೆ ಚೆನ್ನಾಗಿದೆಯೋ ಇಲ್ಲವೋ ಎಂಬುದಕ್ಕೂ ಸಂಬಂಧವೇ ಇಲ್ಲ.

ಉಳಿದದ್ದು 12 ಲಕ್ಷದ ಠೇವಣಿ. ಅದರಲ್ಲಿ ಒಂದು ವರ್ಷದ ಮನೆಖರ್ಚಾದ 5.4 ಲಕ್ಷವನ್ನು ಕಾಯಿಲೆ ಕಸಾಲೆಗೆಂದು ಬದಿಗಿಟ್ಟರೆ 6.6 ಲಕ್ಷ ಉಳಿಯುತ್ತದೆ. ಮಕ್ಕಳು ಇಬ್ಬರು. ಹೀಗಾಗಿ ಮಗನಿಗೆ ಕೊಡಬಹುದಾದ ಹಣ 3.3 ಲಕ್ಷ. ಮಗಳ ಪಾಲನ್ನು ಅವಳ ಹೆಸರಿನ ಬೇರೆ ಠೇವಣಿಗೆ ಅದೇ ವಾರ ವರ್ಗಾಯಿಸುವುದು ಒಳ್ಳೆಯದು, ಏಕೆಂದರೆ ಒಂದೇ ಖಾತೆಯಲ್ಲಿ ಉಳಿದ ಹಣಕ್ಕೆ ಮನೆಯಲ್ಲಿ ಗಟ್ಟಿಯಾಗಿ ಕೇಳುವವರೇ ಒಡೆಯರಾಗುತ್ತಾರೆ.

ಹದಿನಾಲ್ಕು ಕೇಳಿದವನಿಗೆ ಮೂರು ಲಕ್ಷ ಕೊಟ್ಟರೆ ಏನು ಪ್ರಯೋಜನ?

ಇದು ಮಗನೂ ಕೇಳುವ ಪ್ರಶ್ನೆ, ಮತ್ತು ಅವನ ಯೋಜನೆಯನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ದಾರಿ ಇನ್ನೊಂದಿಲ್ಲ. 14 ಲಕ್ಷ ಹೇಗೆ ಬಂತು ಎಂದು ಬಿಡಿಸಿ ಹೇಳಲು ಅವನಿಗೇ ಬಿಡಿ. ನಮ್ಮ ಉದಾಹರಣೆಯಲ್ಲಿ ಶೆಡ್ಡಿಗೆ 6 ಲಕ್ಷ, ಕಸ ಅರೆಯುವ ಯಂತ್ರ, ಟ್ರೇ, ಹುಳು ಒಣಗಿಸುವ ಯಂತ್ರಗಳಿಗೆ 4 ಲಕ್ಷ, ಹಳೆಯ ಗೂಡ್ಸ್ ಆಟೋಗೆ 2 ಲಕ್ಷ, ಕೈಖರ್ಚಿಗೆ 2 ಲಕ್ಷ ಎಂದಿದೆ. ಈ ಪಟ್ಟಿಯಲ್ಲಿ ನೊಣವೂ ಇಲ್ಲ, ಗಿರಾಕಿಯೂ ಇಲ್ಲ. ಹೊಸಬರ ಯೋಜನೆಗಳಲ್ಲಿ ಹೀಗಾಗುವುದು ಸಾಮಾನ್ಯ: ಅಂಗಡಿಯಲ್ಲಿ ಕೊಳ್ಳಬಹುದಾದದ್ದೆಲ್ಲ ಪಟ್ಟಿಯಲ್ಲಿರುತ್ತದೆ, ಕಲಿತು ಪಡೆಯಬೇಕಾದದ್ದು ಬಿಟ್ಟುಹೋಗಿರುತ್ತದೆ.

ಮುಂದೆ ಅವನ ಆದಾಯದ ಹಾಳೆಯನ್ನು ನೋಡಿ. ದಿನಕ್ಕೆ ಒಂದು ಟನ್ ಹಸಿ ಕಸ ತಂದರೆ 200 ಕಿಲೋ ಹುಳು ಬರುತ್ತದೆ, ಕಿಲೋಗೆ 30 ರೂಪಾಯಿಯಂತೆ ದಿನಕ್ಕೆ 6,000, ತಿಂಗಳಿಗೆ 1.8 ಲಕ್ಷ ಎಂದು ಬರೆದಿದ್ದಾನೆ ಎಂದುಕೊಳ್ಳಿ. ಇಬ್ಬರು ಆಳುಗಳಿಗೆ 32,000, ಸಾಗಾಟಕ್ಕೆ 18,000, ಜಾಗದ ಬಾಡಿಗೆ 12,000, ವಿದ್ಯುತ್ತು ಮತ್ತು ಇತರೆ 13,000 ಸೇರಿ ಖರ್ಚು 75,000. ಕಾಗದದ ಮೇಲೆ ತಿಂಗಳಿಗೆ ಒಂದು ಲಕ್ಷಕ್ಕೂ ಮೀರಿದ ಲಾಭ.

ಈಗ ಎರಡೇ ಅಂಕಿಗಳನ್ನು ಬದಲಿಸಿ. ಹುಳು ಅರ್ಧಕ್ಕೆ ಇಳಿಯಲಿ, ಬೆಲೆ 20 ರೂಪಾಯಿ ಆಗಲಿ. ನೂರು ಕಿಲೋ, ಇಪ್ಪತ್ತು ರೂಪಾಯಿ, ಮೂವತ್ತು ದಿನ: ತಿಂಗಳಿಗೆ 60,000. ಖರ್ಚು ಹಾಗೆಯೇ ಇರುವುದರಿಂದ 15,000 ನಷ್ಟ. ಈ ಇಳಿಕೆ ಅತಿಯಾಯಿತು ಎಂದು ಮಗ ವಾದಿಸಬಹುದು. ಆದರೆ ಟನ್ನಿಗೆ 200 ಕಿಲೋ ಬರುವುದು ಅನ್ನ, ಸಾರು, ಪಲ್ಯ ಬೆರೆತ ಒಳ್ಳೆಯ ಉಳಿಕೆ ಸಿಕ್ಕಾಗ, ಕೈ ಪಳಗಿದ ಮೇಲೆ. ಬರೀ ತರಕಾರಿ ಸಿಪ್ಪೆಯಲ್ಲಿ ನೀರೇ ಹೆಚ್ಚು, ಹುಳು ಅಷ್ಟು ಬಲಿಯುವುದಿಲ್ಲ. ಹಸಿ ಹುಳುವನ್ನು ಸಂಗ್ರಹಿಸಿಡಲೂ ಆಗುವುದಿಲ್ಲ, ಅಂದಂದೇ ಮಾರಬೇಕು, ಇಲ್ಲವೇ ಒಣಗಿಸಬೇಕು. ಒಣಗಿದ ಮೇಲೆ ತೂಕ ಸುಮಾರು ಮೂರನೇ ಒಂದಕ್ಕೆ ಬರುತ್ತದೆ. ಆದ್ದರಿಂದ ಮಗನನ್ನು ಕೇಳಬೇಕಾದ ನೇರವಾದ ಪ್ರಶ್ನೆ ಇದು: “ಇಪ್ಪತ್ತು ರೂಪಾಯಿ ಬೆಲೆಗೆ ದಿನಕ್ಕೆ 125 ಕಿಲೋ ಮಾರಿದರೆ ಖರ್ಚು ಹುಟ್ಟುತ್ತದೆ. ಆ 125 ಕಿಲೋವನ್ನು ಪ್ರತಿದಿನ ಕೊಳ್ಳುವವರು ಯಾರಪ್ಪಾ? ಅವರ ಊರು ಯಾವುದು?” ಉತ್ತರವಾಗಿ “ಮಾರುಕಟ್ಟೆ ದೊಡ್ಡದಿದೆ” ಎಂಬ ಮಾತು ಬಂದರೆ ಇನ್ನೂ ಯಾರನ್ನೂ ಭೇಟಿಯಾಗಿಲ್ಲ ಎಂದು ತಿಳಿಯಬೇಕು. ಇಂತಿಂಥ ಕೋಳಿ ಫಾರಂ, ಇಂತಿಂಥ ಮೀನು ಸಾಕಣೆದಾರ, ವಾರಕ್ಕೆ ಇಷ್ಟು ಎಂದರೆ ಮುಂದುವರಿಯಬಹುದು.

ನಮಗೆ ಈ ಕೆಲಸದ ಗಂಧಗಾಳಿಯೂ ಇಲ್ಲ. ಅವನು ಹೇಳುವುದು ಸರಿಯೇ ಎಂದು ತಿಳಿಯುವುದು ಹೇಗೆ?

ಸಣ್ಣದಾಗಿ ಮಾಡಿ ತೋರಿಸಲು ಹೇಳಿ, ಮತ್ತು ಅದಕ್ಕೆ ಅವನ ಸ್ವಂತ ಉಳಿತಾಯವನ್ನೇ ಬಳಸಲು ಹೇಳಿ. ಎಲ್ಲಿಯೂ ಕಾಣದ ವ್ಯವಹಾರವನ್ನು ಅಂದಾಜು ಮಾಡುವ ಒಂದೇ ವಿಧಾನವೆಂದರೆ ಅದರ ಪುಟ್ಟ ರೂಪವನ್ನು ಕಣ್ಣಾರೆ ನೋಡುವುದು. ಒಂದು ಮೆಸ್ಸಿನಿಂದ ದಿನಕ್ಕೆ ಇಪ್ಪತ್ತು ಕಿಲೋ ಉಳಿಕೆ, ಕೆಲವು ಟ್ರೇ, ನೆರಳಿರುವ ಒಂದು ಮೂಲೆ, ಸೊಳ್ಳೆಪರದೆಯ ಒಂದು ದೊಡ್ಡ ಪಂಜರ ಇದ್ದರೆ ಸಾಕು. ಕೆಲವು ಗ್ರಾಂ ಮೊಟ್ಟೆ ಕೊಂಡರೆ ಆಯಿತು, ಏಕೆಂದರೆ ಒಂದೇ ಗ್ರಾಮಿನಲ್ಲಿ ಸಾವಿರಾರು ಮೊಟ್ಟೆಗಳಿರುತ್ತವೆ. ನಲವತ್ತು ಸಾವಿರ ರೂಪಾಯಿಯೊಳಗೆ ಇದು ನಡೆಯಬೇಕು ಎಂದು ಮಿತಿ ಹಾಕಿ.

ಪ್ರಯೋಗ ಎಷ್ಟು ದಿನ ಇರಬೇಕೆಂಬುದನ್ನು ಆ ಕೆಲಸದ ಸ್ವಭಾವವೇ ನಿರ್ಧರಿಸುತ್ತದೆ. ಈ ನೊಣದ ಮೊಟ್ಟೆ ಸುಮಾರು ನಾಲ್ಕು ದಿನಕ್ಕೆ ಒಡೆಯುತ್ತದೆ, ಹುಳು ಎರಡು ವಾರ ತಿನ್ನುತ್ತದೆ, ಮತ್ತೆರಡು ವಾರ ಕೋಶವಾಗಿರುತ್ತದೆ, ಕೊನೆಗೆ ರೆಕ್ಕೆ ಬಂದ ನೊಣ ಒಂದೆರಡು ವಾರ ಬದುಕಿ ಮೊಟ್ಟೆಯಿಟ್ಟು ಸಾಯುತ್ತದೆ. ಒಂದು ಸುತ್ತಿಗೆ ಆರು ಏಳು ವಾರ. ಮೊದಲ ಸುತ್ತು ಕೊಂಡು ತಂದ ಮೊಟ್ಟೆಯಿಂದ ಬರುವುದರಿಂದ ಅದು ಹೆಚ್ಚುಕಡಿಮೆ ಎಲ್ಲರಿಗೂ ಸಫಲವಾಗುತ್ತದೆ, ಟ್ರೇ ತುಂಬ ಹುಳು ಕಂಡು ಮನೆಯವರೆಲ್ಲ ಹಿಗ್ಗುತ್ತಾರೆ. ನಿಜವಾದ ಪರೀಕ್ಷೆ ಎರಡನೆಯ ಸುತ್ತು. ಈ ನೊಣಗಳು ಕೂಡಲು ಒಳ್ಳೆಯ ಬಿಸಿಲ ಬೆಳಕು ಬೇಕು. ಆಷಾಢದ ಮೋಡದಲ್ಲಿಯೂ ಮಾರ್ಗಶಿರದ ಚಳಿಯಲ್ಲಿಯೂ ಮೊಟ್ಟೆ ಇಳಿದುಹೋಗುತ್ತದೆ. ಸ್ವಂತ ನೊಣಗಳಿಂದ ಮೊಟ್ಟೆ ಪಡೆಯಲಾಗದವನು ಪ್ರತಿ ತಿಂಗಳೂ ಮೊಟ್ಟೆ ಕೊಳ್ಳಬೇಕಾಗುತ್ತದೆ, ಅವನ ಖರ್ಚಿನ ಪಟ್ಟಿಯಲ್ಲಿ ಅದಕ್ಕೆ ಸಾಲೇ ಇಲ್ಲ. ಆದ್ದರಿಂದ ಮೂರು ತಿಂಗಳಿಗಿಂತ ಕಡಿಮೆ ಪ್ರಯೋಗವನ್ನು ಒಪ್ಪಬೇಡಿ, ಮತ್ತು ಅದರಲ್ಲಿ ಮಳೆಗಾಲದ ಅಥವಾ ಚಳಿಗಾಲದ ಕೆಲವು ವಾರಗಳಾದರೂ ಸೇರಿರಲಿ.

ಆಗ ನೀವು ಏನೂ ತಿಳಿಯದವರಾಗಿಯೇ ಹೋಗಿ ನೋಡಬಹುದು. ಹುಳುಗಳು ಟ್ರೇಯ ಗೋಡೆ ಹತ್ತಿ ಓಡಿಹೋಗುತ್ತಿದ್ದರೆ ಒಳಗೆ ಕಸ ತೀರಾ ನೀರಾಗಿದೆ ಅಥವಾ ಕಾದಿದೆ ಎಂದು ಅರ್ಥ. ಮೂತ್ರದಂತೆ ಮೂಗಿಗೆ ಹೊಡೆಯುವ ವಾಸನೆ ಅಥವಾ ಕೊಳೆತ ನಾತ ಬಂದರೆ ಹುಳು ತಿನ್ನುವುದಕ್ಕಿಂತ ಹೆಚ್ಚು ಹಾಕುತ್ತಿದ್ದಾನೆ. ಚೆನ್ನಾಗಿ ನಡೆಯುವ ಟ್ರೇಯಲ್ಲಿ ಮಣ್ಣಿನ ವಾಸನೆಯಿರುತ್ತದೆ. ಪಕ್ಕದ ಮನೆಯವರು ಏನನ್ನುತ್ತಾರೆ ಎಂದು ಅವರ ಜಗುಲಿಯಲ್ಲಿಯೇ ಕೂತು ಕೇಳಿ. ಇಪ್ಪತ್ತು ಕಿಲೋಗೆ ಗೊಣಗುವವರು ಒಂದು ಟನ್ನಿಗೆ ಗ್ರಾಮ ಪಂಚಾಯಿತಿಗೆ ಅರ್ಜಿ ಕೊಡುತ್ತಾರೆ, ಮತ್ತು ಇಂಥ ಘಟಕಗಳು ನಿಲ್ಲಲು ನಷ್ಟಕ್ಕಿಂತ ಮೊದಲೇ ಆ ಅರ್ಜಿ ಸಾಕಾಗುತ್ತದೆ.

ಇವೆಲ್ಲಕ್ಕಿಂತ ಮುಖ್ಯವಾದ ಗುರುತು ಎರಡನೆಯ ಖರೀದಿ. ಮೊದಲ ಸಲ ಕೊಳ್ಳುವವರು ಕುತೂಹಲಕ್ಕೋ ಪರಿಚಯಕ್ಕೋ ಕೊಳ್ಳಬಹುದು. ಅದೇ ಕೋಳಿ ಸಾಕುವವರು ಎರಡನೆಯ ಸಲ ತಾವಾಗಿ ಫೋನು ಮಾಡಿ ಹಣ ಕೊಟ್ಟು ಒಯ್ದರೆ, ಆ ಐನೂರು ರೂಪಾಯಿಗೆ ಮಗನ ನಲವತ್ತು ಪುಟದ ಯೋಜನಾ ವರದಿಗಿಂತ ಹೆಚ್ಚು ಬೆಲೆ ಕೊಡಬೇಕು.

ತರಬೇತಿ ಕೊಟ್ಟು, ಮೊಟ್ಟೆ ಕೊಟ್ಟು, ಬೆಳೆದದ್ದನ್ನೆಲ್ಲ ತಾವೇ ಕೊಳ್ಳುತ್ತೇವೆ ಎನ್ನುವ ಸಂಸ್ಥೆ ಸಿಕ್ಕಿದೆಯಂತೆ. ಆಗ ಭಯವಿಲ್ಲವಲ್ಲ?

ಆಗಲೇ ಹೆಚ್ಚು ಭಯಪಡಬೇಕು. ನೆರೆಯ ತಮಿಳುನಾಡಿನ ಈರೋಡು ಭಾಗದಲ್ಲಿ ಎಮು ಹಕ್ಕಿ ಸಾಕಣೆ ಇದೇ ಬಗೆಯ ಭರವಸೆಯ ಮೇಲೆ ಹಬ್ಬಿ, 2012ರಲ್ಲಿ ಕುಸಿದು, ಸಾವಿರಾರು ಜನ ಹಣ ಕಳೆದುಕೊಂಡರು. ಹಕ್ಕಿಯ ಮಾಂಸಕ್ಕೆ ಹೇಳುವಂಥ ಮಾರುಕಟ್ಟೆಯೇ ಇರಲಿಲ್ಲ, ಹೊಸದಾಗಿ ಸೇರುವವರ ಠೇವಣಿಯಿಂದ ಹಳಬರಿಗೆ ಹಣ ಹೋಗುತ್ತಿತ್ತು. ಸಂಸ್ಥೆಯ ಆದಾಯ ಎಲ್ಲಿಂದ ಬರುತ್ತದೆ ಎಂದು ಕೇಳಿ ನೋಡಿ. ಬೆಳೆದ ಹುಳುವನ್ನು ಅವರು ಯಾವ ಆಹಾರ ಕಾರ್ಖಾನೆಗೆ ಮಾರುತ್ತಾರೆ ಎಂಬುದಕ್ಕೆ ಬಿಲ್ಲು ತೋರಿಸಬಲ್ಲರಾದರೆ ಒಂದು ಮಾತು. ತರಬೇತಿ ಶುಲ್ಕ ಮತ್ತು ಮೊಟ್ಟೆಯ ಮಾರಾಟವೇ ಅವರ ಆದಾಯವಾಗಿದ್ದರೆ, ಅವರ ನಿಜವಾದ ಗಿರಾಕಿ ನಿಮ್ಮ ಮಗ. ಹಿಂದಿನ ವರ್ಷ ಸೇರಿದ ಮೂವರ ವಿಳಾಸ ಪಡೆದು, ಸಂಸ್ಥೆಯವರಿಲ್ಲದೆ ಹೋಗಿ ಮಾತನಾಡಿ.

ಕೊಡುವ ಹಣವನ್ನು ಏನೆಂದು ಕೊಡಬೇಕು? ಮಗನಿಗೆ ಕೊಡುವುದಕ್ಕೂ ಪತ್ರವೇ?

ಪತ್ರ ಮಗನ ಮೇಲಿನ ಅಪನಂಬಿಕೆಗಲ್ಲ, ಹತ್ತು ವರ್ಷದ ನಂತರ ಅಣ್ಣ ತಂಗಿ ಮುಖ ತಿರುಗಿಸಿಕೊಳ್ಳದಿರಲಿ ಎಂದು. ದಾನವೋ, ಸಾಲವೋ, ಪಾಲೋ ಎಂಬುದನ್ನು ಕೊಡುವ ದಿನವೇ ಹೇಳಿ ಬರೆದಿಡಬೇಕು. ವ್ಯವಹಾರ ಗೆದ್ದರೆ ತಂದೆಗೆ ಅದು ಪಾಲಾಗಿ ನೆನಪಾಗುತ್ತದೆ, ಸೋತರೆ ಮಗನಿಗೆ ದಾನವಾಗಿ ನೆನಪಾಗುತ್ತದೆ, ಮಗಳಿಗೆ ಎರಡರಲ್ಲಿಯೂ ಅನ್ಯಾಯ ಕಾಣುತ್ತದೆ.

ದಾನವಾಗಿ ಕೊಟ್ಟರೆ ಹೆತ್ತವರಿಂದ ಬಂದ ಹಣಕ್ಕೆ ಮಗನಾಗಲಿ ಮಗಳಾಗಲಿ ಆದಾಯ ತೆರಿಗೆ ಕೊಡಬೇಕಿಲ್ಲ, ಮೊತ್ತ ಎಷ್ಟೇ ಇರಲಿ. ವಯಸ್ಕ ಮಗ ಅದರಿಂದ ಗಳಿಸಿದ್ದು ಅವನ ಆದಾಯವಾಗಿಯೇ ಇರುತ್ತದೆ. ಆದರೆ ಸೊಸೆಯ ಹೆಸರಿನಲ್ಲಿ ವ್ಯವಹಾರ ಇಡೋಣವೆಂದು ಹಣವನ್ನು ಅವಳಿಗೆ ದಾನ ಮಾಡಿದರೆ, ಆ ಹಣದಿಂದ ಬರುವ ಆದಾಯವನ್ನು ಕೊಟ್ಟ ಮಾವ ಅಥವಾ ಅತ್ತೆಯ ಆದಾಯಕ್ಕೆ ಸೇರಿಸಲಾಗುತ್ತದೆ. ಎಷ್ಟೋ ಮನೆಗಳಿಗೆ ಇದು ನೋಟಿಸು ಬಂದ ಮೇಲೆಯೇ ತಿಳಿಯುವುದು.

ಸಾಲವಾಗಿ ಕೊಟ್ಟರೆ ಬ್ಯಾಂಕಿನ ಮೂಲಕವೇ ಕೊಡಬೇಕು. ಇಪ್ಪತ್ತು ಸಾವಿರ ಮತ್ತು ಅದಕ್ಕೂ ಹೆಚ್ಚಿನ ಸಾಲವನ್ನು ನಗದಾಗಿ ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನಲ್ಲಿ ಅವಕಾಶವಿಲ್ಲ, ದಂಡವು ಸಾಲದಷ್ಟೇ ಆಗಬಹುದು ಮತ್ತು ಅದು ಬೀಳುವುದು ಪಡೆದವನ ಮೇಲೆ. ಕೈಸಾಲದ ಪತ್ರದ ಕಾಲಮಿತಿ ಮೂರು ವರ್ಷ, ಅದು ಮುಗಿಯುವ ಮೊದಲು “ಇಷ್ಟು ಬಾಕಿ ಇದೆ” ಎಂದು ಮಗ ಬರೆದು ಸಹಿ ಹಾಕಿದರೆ ಮತ್ತೆ ಮೂರು ವರ್ಷ ಸಿಗುತ್ತದೆ. ಯಾವ ತಂದೆಯೂ ಮಗನ ಮೇಲೆ ದಾವೆ ಹೂಡಲು ಇದನ್ನು ಮಾಡುವುದಿಲ್ಲ, ಆದರೆ ಉಯಿಲು ಬರೆಯುವಾಗ “ಮಗನಿಗೆ ಈಗಾಗಲೇ ಇಷ್ಟು ಸಂದಿದೆ” ಎಂದು ಹೇಳಲು ಆಧಾರ ಬೇಕಾಗುತ್ತದೆ.

ನನ್ನ ಮಟ್ಟಿಗೆ ಹೇಳುವುದಾದರೆ, 3.3 ಲಕ್ಷದಂಥ ಮೊತ್ತವನ್ನು ಅವನ ಪಾಲಿನ ಮುಂಗಡವೆಂದು, ದಾನವಾಗಿಯೇ, ಮಗಳಿಗೂ ತಿಳಿಸಿ ಕೊಡುವುದು ಸರಿ. ತಿಂಗಳು ತಿಂಗಳು ಕಂತು ಕೇಳುವ ತಂದೆಗೆ ಮಗ ನಷ್ಟದ ಸುದ್ದಿಯನ್ನು ಹೇಳುವುದಿಲ್ಲ, ಮತ್ತು ಇಂಥ ಕೆಲಸದಲ್ಲಿ ನಷ್ಟದ ಸುದ್ದಿ ಬೇಗ ತಿಳಿಯುವುದೇ ಹಣಕ್ಕಿರುವ ರಕ್ಷಣೆ.

ಪಾಲುದಾರರಾಗುವ ವಿಷಯದಲ್ಲಿ ಒಂದೇ ಎಚ್ಚರಿಕೆ. ಸಾಮಾನ್ಯ ಪಾಲುದಾರಿಕೆ ಸಂಸ್ಥೆಯಲ್ಲಿ ಹೆಸರಿಗಷ್ಟೇ ಸೇರಿದ ತಂದೆಯೂ ಸಂಸ್ಥೆಯ ಎಲ್ಲ ಸಾಲಕ್ಕೆ ತನ್ನ ಸ್ವಂತ ಆಸ್ತಿಯಿಂದ ಹೊಣೆಯಾಗುತ್ತಾನೆ. ಕೊಟ್ಟದ್ದು ಒಂದು ಲಕ್ಷವಾದರೂ ಹೊಣೆ ಒಂದು ಲಕ್ಷಕ್ಕೆ ನಿಲ್ಲುವುದಿಲ್ಲ.

ನಗದು ಬೇಡ, ಬ್ಯಾಂಕ್ ಸಾಲಕ್ಕೆ ಜಾಮೀನು ಹಾಕಿದರೆ ಸಾಕು ಎನ್ನುತ್ತಾನೆ.

ಜಾಮೀನು ಎಂದರೆ ನಗದೇ, ಮೊತ್ತ ಮಾತ್ರ ನಿಮ್ಮ ಕೈಯಲ್ಲಿಲ್ಲ. ಭಾರತೀಯ ಕರಾರು ಕಾಯ್ದೆಯ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಇರುತ್ತದೆ, ಬ್ಯಾಂಕು ಮೊದಲು ಮಗನನ್ನು ಹಿಡಿದು ಆಮೇಲೆ ನಿಮ್ಮ ಬಳಿ ಬರಬೇಕೆಂದೇನೂ ಇಲ್ಲ. ಮನೆಯನ್ನು ಅಡಮಾನ ಇಟ್ಟಿದ್ದರೆ ದಾರಿ ಇನ್ನೂ ಚಿಕ್ಕದು: ಕಂತು 90 ದಿನಕ್ಕಿಂತ ಹೆಚ್ಚು ಬಾಕಿಯಾದರೆ ಸಾಲ ವಸೂಲಾಗದ ಸಾಲಗಳ ಪಟ್ಟಿಗೆ ಸೇರುತ್ತದೆ, ಆಮೇಲೆ ಸರ್ಫೇಸಿ ಕಾಯ್ದೆಯಡಿ 60 ದಿನದ ನೋಟಿಸು ಕೊಟ್ಟು, ಸಿವಿಲ್ ಕೋರ್ಟಿನ ತೀರ್ಪಿಗೆ ಕಾಯದೆ, ಮನೆಯ ಸ್ವಾಧೀನಕ್ಕೆ ಬ್ಯಾಂಕು ಮುಂದಾಗಬಹುದು. ಮೋಡ ಕವಿದ ಒಂದು ಮಳೆಗಾಲ ಸಾಕು, ನೊಣದ ವ್ಯವಹಾರದಲ್ಲಿ ಮೂರು ಕಂತು ತಪ್ಪಲು.

ಇದಕ್ಕೆ ಬದಲು, ಸಣ್ಣ ಉದ್ದಿಮೆಗಳ ನಿಗದಿತ ಮಿತಿಯೊಳಗಿನ ಸಾಲಕ್ಕೆ ಬ್ಯಾಂಕುಗಳು ಆಸ್ತಿ ಅಡಮಾನ ಕೇಳಬಾರದೆಂದು ರಿಸರ್ವ್ ಬ್ಯಾಂಕ್ ಹೇಳಿರುವುದನ್ನು ನೆನಪಿಡಿ. ಮುದ್ರಾ ಸಾಲವೂ ಅಡಮಾನವಿಲ್ಲದ್ದೇ. ಮಗ ಆರು ತಿಂಗಳ ಮಾರಾಟವನ್ನು ಬ್ಯಾಂಕ್ ಖಾತೆಯಲ್ಲಿ ತೋರಿಸಿ ತನ್ನ ಹೆಸರಿನಲ್ಲಿ ಸಾಲ ಕೇಳಲಿ. ಸಾಲ ಕೊಡುವ ಅಧಿಕಾರಿ ಒಪ್ಪದಿದ್ದರೆ ಕಾರಣವನ್ನು ಕೇಳಿ ಬರೆದುಕೊಂಡು ಬರಲಿ, ಮನೆಯವರಿಗೂ ಅದು ಉಪಯೋಗದ ಮಾಹಿತಿ.

ಪಿತ್ರಾರ್ಜಿತ ಜಮೀನು ಮಾರುವ ಮಾತು ಬಂದರೆ ಮೊದಲು ವಕೀಲರನ್ನು ಕಾಣಬೇಕು. 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳೂ ಹುಟ್ಟಿನಿಂದಲೇ ಸಮಾನ ಹಕ್ಕುದಾರರು, ತಂಗಿಯ ಒಪ್ಪಿಗೆಯಿಲ್ಲದ ಮಾರಾಟ ಕೋರ್ಟಿನ ಬಾಗಿಲಿಗೆ ಹೋಗುವುದು ಅಪರೂಪವಲ್ಲ.

ನೊಣ ಸಾಕುವವನಿಗೆ ಹೆಣ್ಣು ಕೊಡುವವರು ಯಾರು?

ಈ ಪ್ರಶ್ನೆಯನ್ನು ಲೆಕ್ಕದ ಹಾಳೆಯಲ್ಲಿ ಬರೆಯಲಾಗದಿದ್ದರೂ ಎಲ್ಲ ತಾಯಂದಿರೂ ಕೇಳುತ್ತಾರೆ, ಮತ್ತು ಅದು ಹಗುರ ಪ್ರಶ್ನೆಯಲ್ಲ. ಆದರೆ ಅದನ್ನು ಅದರ ಹೆಸರಿನಲ್ಲೇ ಹೇಳಬೇಕು. ನೆಂಟರ ಎದುರಿನ ಸಂಕೋಚವನ್ನು “ನಿನ್ನ ವ್ಯವಹಾರ ನಡೆಯುವುದಿಲ್ಲ” ಎಂಬ ಮಾತಿನ ಹಿಂದೆ ಬಚ್ಚಿಟ್ಟರೆ, ಮಗ ಅಂಕಿಗಳನ್ನು ತಂದು ವಾದಿಸುತ್ತಲೇ ಇರುತ್ತಾನೆ, ಮಾತು ಎಂದಿಗೂ ಮುಗಿಯುವುದಿಲ್ಲ.

ಒಪ್ಪಿದ ಮೇಲೆ ಹಣವನ್ನು ಹೇಗೆ ಬಿಡುಗಡೆ ಮಾಡಬೇಕು, ಯಾವಾಗ ನಿಲ್ಲಿಸಬೇಕು?

ಮೇಷ್ಟ್ರ ಮನೆಯಲ್ಲಿ ಹೀಗೆ ಮಾಡಬಹುದು. ಮೂರು ತಿಂಗಳ ಪ್ರಯೋಗ ಮಗನ ಸ್ವಂತ ನಲವತ್ತು ಸಾವಿರದಲ್ಲಿ ಮುಗಿಯಲಿ. ಸ್ವಂತ ನೊಣದ ಮೊಟ್ಟೆ ಸಿಕ್ಕಿ, ಇಬ್ಬರು ಗಿರಾಕಿಗಳಾದರೂ ಎರಡನೆಯ ಸಲ ಕೊಂಡಿದ್ದರೆ 1.3 ಲಕ್ಷ ಕೊಡುವುದು. ಆ ಹಣದಲ್ಲಿ ಊರಾಚೆ ಒಂದು ಹಳೆಯ ಶೆಡ್ಡನ್ನು ಬಾಡಿಗೆಗೆ ಹಿಡಿದು, ಆಳಿಲ್ಲದೆ ತಾನೇ ದುಡಿದು, ದಿನಕ್ಕೆ 150ರಿಂದ 200 ಕಿಲೋ ಕಸದ ಮಟ್ಟಕ್ಕೆ ಬೆಳೆಯಬೇಕು. ಅಲ್ಲಿ ದಿನಕ್ಕೆ 25 ಕಿಲೋ ಹುಳು ಬಂದು ಇಪ್ಪತ್ತು ರೂಪಾಯಿಗೆ ಮಾರಿದರೆ ತಿಂಗಳಿಗೆ 15,000 ಆಗುತ್ತದೆ. ಅವನ ಸಂಬಳ ಹುಟ್ಟದಿದ್ದರೂ ಬಾಡಿಗೆ ಮತ್ತು ಪೆಟ್ರೋಲು ಅದರಲ್ಲೇ ಸಾಗಬೇಕು. ಸತತ ಮೂರು ತಿಂಗಳು ಹಾಗೆ ಸಾಗಿದರೆ ಉಳಿದ ಎರಡು ಲಕ್ಷ. ಯಂತ್ರ, ವಾಹನಗಳ ಮಾತು ಆಮೇಲಿನದು, ಅದಕ್ಕೆ ಬ್ಯಾಂಕ್ ಇದೆ.

ತಿಂಗಳ ಮೊದಲ ಭಾನುವಾರ ಮಗ ಒಂದು ಪುಟ ತೋರಿಸಬೇಕು: ಬಂದ ಕಸ, ಬಂದ ಹುಳು, ಮಾರಿದ್ದು, ಕೈಗೆ ಬಂದ ಹಣ, ಬರಬೇಕಾದ ಹಣ. ಕೊನೆಯ ಎರಡನ್ನು ಒಂದೇ ಸಾಲಿನಲ್ಲಿ ಸೇರಿಸಿ ಬರೆಯಲು ಬಿಡಬೇಡಿ. ಬರಬೇಕಾದ ಹಣ ತಿಂಗಳಿಂದ ತಿಂಗಳಿಗೆ ಬೆಳೆಯುತ್ತಿದ್ದರೆ ಅವನು ಹುಳುವನ್ನು ಮಾರುತ್ತಿಲ್ಲ, ಕಡವಾಗಿ ಹಂಚುತ್ತಿದ್ದಾನೆ.

ನಿಲ್ಲಿಸುವ ಷರತ್ತನ್ನು ಮೊದಲ ರೂಪಾಯಿ ಕೊಡುವ ಮೊದಲೇ ಅವನ ಕೈಯಿಂದಲೇ ಬರೆಸಿ. ಉದಾಹರಣೆಗೆ, “ಹದಿನೆಂಟು ತಿಂಗಳಲ್ಲಿ ತಿಂಗಳಿಗೆ ಹದಿನೈದು ಸಾವಿರ ರೂಪಾಯಿ ನನ್ನ ಕೈಗೆ ಉಳಿಯದಿದ್ದರೆ ಟ್ರೇ, ಯಂತ್ರಗಳನ್ನು ಮಾರಿ ಕೆಲಸ ಹುಡುಕುತ್ತೇನೆ.” ಆ ದಿನ ಬಂದಾಗ ಅವನು “ಅಪ್ಪಾ, ಇನ್ನೊಂದು ಲಕ್ಷ ಇದ್ದಿದ್ದರೆ ದಾಟಿಬಿಡುತ್ತಿದ್ದೆ” ಎನ್ನುತ್ತಾನೆ, ಮತ್ತು ಅದು ನಿಜವೂ ಇರಬಹುದು. ಆಗ ಆ ಲಕ್ಷದಿಂದ ಯಾವ ಅಂಕಿ, ಎಷ್ಟರಿಂದ ಎಷ್ಟಕ್ಕೆ, ಯಾವ ತಿಂಗಳಲ್ಲಿ ಬದಲಾಗುತ್ತದೆ ಎಂದು ಕೇಳಿ. ಚಳಿಗಾಲದಲ್ಲಿ ಮೊಟ್ಟೆ ನಿಲ್ಲುತ್ತಿದೆ, ಕೂಡುವ ಪಂಜರಕ್ಕೆ ದೀಪ ಮತ್ತು ಶಾಖದ ವ್ಯವಸ್ಥೆ ಮಾಡಿದರೆ ದಿನಕ್ಕೆ ಹತ್ತು ಕಿಲೋ ಹುಳು ಹೆಚ್ಚುತ್ತದೆ, ಅದನ್ನು ಕೊಳ್ಳುವವರು ಈಗಲೇ ಕಾಯುತ್ತಿದ್ದಾರೆ ಎಂಬ ಉತ್ತರ ಬಂದರೆ ಒಂದು ಸಣ್ಣ ಪಂಜರಕ್ಕೆ ಮಾತ್ರ ಹಣ ಕೊಟ್ಟು ಒಂದು ಸುತ್ತು, ಅಂದರೆ ಏಳು ವಾರ, ನೋಡಬಹುದು. ಹಳೆಯ ಸಾಲ ತೀರಿಸಲು, ಬಾಕಿ ಸಂಬಳ ಕೊಡಲು ಎಂಬ ಉತ್ತರ ಬಂದರೆ ಆ ಬಾಕಿಯನ್ನು ತೀರಿಸಿ ಶೆಡ್ಡಿನ ಬೀಗದ ಕೈಯನ್ನು ಮಾಲೀಕರಿಗೆ ಹಿಂತಿರುಗಿಸುವುದಕ್ಕೆ ಮಾತ್ರ ಹಣ ಕೊಡಿ.